ಉಂಗುರವೋ, ಪಟ್ಟಿಯೋ? ದೊಡ್ಡ ಕರುಳಿನ ಸ್ಲೈಡ್ ಓದುವ ಬಗೆ

ವೈದ್ಯಕೀಯ ಕಾಲೇಜಿನ ಮೊದಲ ವರ್ಷದ ಅನಾಟಮಿ ಪರೀಕ್ಷೆಯಲ್ಲಿ ಹಿಸ್ಟಾಲಜಿ ಸ್ಪಾಟರ್ ಎಂಬ ಒಂದು ಸುತ್ತು ಇರುತ್ತದೆ. ಮೇಜಿನ ಮೇಲೆ ಸಾಲಾಗಿ ಮೈಕ್ರೋಸ್ಕೋಪುಗಳು, ಒಂದೊಂದರಲ್ಲೂ ಒಂದೊಂದು ಸ್ಲೈಡ್. ಕಂಡದ್ದು ಯಾವ ಅಂಗವೆಂದು ಬರೆದು, ಹಾಗೆನ್ನಲು ಕಾರಣ ಕೊಟ್ಟು, ಗಂಟೆ ಬಾರಿಸಿದೊಡನೆ ಪಕ್ಕಕ್ಕೆ ಸರಿಯಬೇಕು. ಈ ಸುತ್ತಿನಲ್ಲಿ ಅದಲುಬದಲಾಗುವ ಜೋಡಿಗಳಲ್ಲಿ ದೊಡ್ಡ ಕರುಳು ಮತ್ತು ಅಪೆಂಡಿಕ್ಸ್ ಒಂದು.

ತಪ್ಪಾಗುವುದಕ್ಕೆ ಕಾರಣವಿದೆ. ಅಪೆಂಡಿಕ್ಸ್ ಹುಟ್ಟುವುದೇ ದೊಡ್ಡ ಕರುಳಿನ ಮೊದಲ ಭಾಗವಾದ ಸೀಕಮ್‌ನಿಂದ. ಹಾಗಾಗಿ ಎರಡರ ಒಳಗೋಡೆಯನ್ನೂ ಹೊದಿಸಿರುವುದು ಒಂದೇ ಬಗೆಯ ಜೀವಕೋಶಗಳು. ಮೈಕ್ರೋಸ್ಕೋಪಿನ ದೊಡ್ಡ ಲೆನ್ಸಿಗೆ ಹೋಗಿ ಒಂದು ಗಾಬ್ಲೆಟ್ ಕೋಶವನ್ನು ಎಷ್ಟೇ ದಿಟ್ಟಿಸಿದರೂ ಅದು ಕರುಳಿನದೋ ಅಪೆಂಡಿಕ್ಸಿನದೋ ಎಂದು ಹೇಳಲಾಗದು. ಉತ್ತರ ಸಿಗುವುದು ಅತಿ ಚಿಕ್ಕ ಲೆನ್ಸಿನಲ್ಲಿ. ಎಷ್ಟೋ ಸಲ ಸ್ಲೈಡನ್ನು ಕಿಟಕಿಯ ಬೆಳಕಿಗೆ ಹಿಡಿದು ಬರಿಗಣ್ಣಿನಲ್ಲಿ ನೋಡಿದರೂ ಸಾಕು. ಆದರೆ ಆ ವ್ಯತ್ಯಾಸ ಯಾಕೆ ಬಂತೆಂದು ತಿಳಿಯಬೇಕಾದರೆ ಮೊದಲು ದೊಡ್ಡ ಕರುಳಿನ ಒಳಗೋಡೆಯನ್ನೇ ಚೆನ್ನಾಗಿ ನೋಡಬೇಕು.

ದೊಡ್ಡ ಕರುಳಿನ ಉದ್ದ ಸುಮಾರು 1.5 ಮೀಟರ್. ಆಹಾರ ಅಲ್ಲಿಗೆ ಬರುವಷ್ಟರಲ್ಲಿ ಸಣ್ಣ ಕರುಳು ಪೋಷಕಾಂಶಗಳನ್ನು ಬಹುಮಟ್ಟಿಗೆ ಹೀರಿಕೊಂಡಿರುತ್ತದೆ. ಉಳಿದ ನೀರುನೀರಾದ ವಸ್ತುವಿನಿಂದ ದಿನಕ್ಕೆ ಒಂದು ಲೀಟರಿಗೂ ಹೆಚ್ಚು ನೀರನ್ನು ವಾಪಸು ತೆಗೆದುಕೊಳ್ಳುವುದು, ಗಟ್ಟಿಯಾಗುತ್ತ ಹೋಗುವ ಮಲವನ್ನು ಗೋಡೆಗೆ ಗಾಯವಾಗದಂತೆ ಮುಂದಕ್ಕೆ ಸಾಗಿಸುವುದು ದೊಡ್ಡ ಕರುಳಿನ ಕೆಲಸ. ಗೋಡೆಯ ರಚನೆ ಈ ಎರಡು ಕೆಲಸಕ್ಕೆ ತಕ್ಕಂತಿದೆ. ಸಣ್ಣ ಕರುಳಿನಲ್ಲಿ ಬೆರಳುಗಳಂತೆ ಮೇಲೆದ್ದು ನಿಲ್ಲುವ ವಿಲ್ಲಸ್‌ಗಳು ಇಲ್ಲಿಲ್ಲ. ಮೇಲ್ಮೈ ಸಮತಟ್ಟು. ಆ ಮೇಲ್ಮೈಯಿಂದ ಕೆಳಕ್ಕೆ ನೇರವಾಗಿ ಇಳಿಯುವ ಸಣ್ಣ ಕೊಳವೆಗಳೇ ಕ್ರಿಪ್ಟ್‌ಗಳು. ಒಂದೊಂದರ ಆಳ ಸುಮಾರು ಅರ್ಧ ಮಿಲಿಮೀಟರ್. ಆರೋಗ್ಯವಂತರ ಕರುಳಿನಲ್ಲಿ ಇವು ಒಂದೇ ಅಳತೆಯಲ್ಲಿ, ಒಂದೇ ಅಂತರದಲ್ಲಿ, ಕವಲೊಡೆಯದೆ ಇರುತ್ತವೆ. ತಳ ಬಹುತೇಕ ಕೆಳಗಿನ ತೆಳು ಸ್ನಾಯುಪದರದವರೆಗೆ ಮುಟ್ಟಿರುತ್ತದೆ. ಪೆಥಾಲಜಿ ಪಾಠದಲ್ಲಿ ಇದಕ್ಕೆ ತಲೆಮಾರುಗಳಿಂದ ಕೊಡುತ್ತ ಬಂದಿರುವ ಹೋಲಿಕೆ ಸ್ಟ್ಯಾಂಡಿನಲ್ಲಿ ಜೋಡಿಸಿಟ್ಟ ಟೆಸ್ಟ್‌ಟ್ಯೂಬುಗಳದು. ಹಳೆಯದಾದರೂ ಅದಕ್ಕಿಂತ ಸರಿಯಾದದ್ದು ಯಾರಿಗೂ ಹೊಳೆದಿಲ್ಲ.

ಈ ಕೊಳವೆಯ ಗೋಡೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಕೋಶಗಳಿವೆ. ನೀರು ಹೀರುವ ಕಂಬದಾಕಾರದ ಕೋಶಗಳು ಮೇಲ್ಭಾಗದಲ್ಲಿ ಹೆಚ್ಚು. ಅವುಗಳ ನಡುನಡುವೆ, ಕೆಳಗಿಳಿದಂತೆ ಇನ್ನೂ ದಟ್ಟವಾಗಿ, ಲೋಳೆ ತಯಾರಿಸುವ ಗಾಬ್ಲೆಟ್ ಕೋಶಗಳು. ಕ್ರಿಪ್ಟಿನ ತಳದಲ್ಲಿ ಮೂಲಕೋಶಗಳಿವೆ. ಅಲ್ಲಿ ಹುಟ್ಟಿದ ಹೊಸ ಕೋಶ ಗೋಡೆಯನ್ನು ಹತ್ತುತ್ತ ಹೋಗಿ, ನಾಲ್ಕೈದು ದಿನಗಳಲ್ಲಿ ಮೇಲ್ಮೈ ತಲುಪಿ ಉದುರಿಹೋಗುತ್ತದೆ. ಈ ಮೂಲಕೋಶಗಳನ್ನು ಎಲ್‌ಜಿಆರ್5 ಎಂಬ ಗುರುತಿನಿಂದ ಪತ್ತೆಮಾಡಿದ್ದು ನೆದರ್ಲೆಂಡ್ಸಿನ ಹ್ಯಾನ್ಸ್ ಕ್ಲೆವರ್ಸ್ ಅವರ ತಂಡ, 2007ರಲ್ಲಿ. ಅಂದರೆ ಸ್ಲೈಡಿನಲ್ಲಿ ಒಂದು ಕ್ರಿಪ್ಟನ್ನು ತಳದಿಂದ ಮೇಲಕ್ಕೆ ನೋಡುವುದೆಂದರೆ ಕೋಶವೊಂದರ ಹುಟ್ಟಿನಿಂದ ಸಾವಿನವರೆಗಿನ ಒಂದು ವಾರದೊಳಗಿನ ಬಾಳನ್ನು ನೋಡಿದಂತೆ.

ಗಾಬ್ಲೆಟ್ ಕೋಶವನ್ನು ಗುರುತಿಸುವುದು ಸುಲಭ. ಬುಡ ಸಪೂರ, ಮೇಲ್ಭಾಗ ಉಬ್ಬಿದ ಬಟ್ಟಲು. ನ್ಯೂಕ್ಲಿಯಸ್ಸು ಬುಡದಲ್ಲಿ ಒತ್ತಿಕೊಂಡು ಚಪ್ಪಟೆಯಾಗಿರುತ್ತದೆ. ಆದರೆ ಸಾಮಾನ್ಯವಾಗಿ ಹಾಕುವ ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣದಲ್ಲಿ ಆ ಬಟ್ಟಲು ಬಿಳಿಚಿಕೊಂಡು, ಒಳಗೇನೂ ಇಲ್ಲದಂತೆ ಕಾಣುತ್ತದೆ. ನಿಜದಲ್ಲಿ ಅದು ತುಂಬಿಯೇ ಇರುತ್ತದೆ. ಒಳಗಿರುವ ಮ್ಯೂಸಿನ್ ಎಂಬ ವಸ್ತುವಿನಲ್ಲಿ ಸಕ್ಕರೆಯ ಸರಪಳಿಗಳೇ ಹೆಚ್ಚು. ಪ್ರೋಟೀನನ್ನು ಗುಲಾಬಿ ಮಾಡುವ ಇಯೋಸಿನ್‌ಗೆ ಅಲ್ಲಿ ಹಿಡಿದುಕೊಳ್ಳಲು ಜಾಗ ಕಡಿಮೆ. ಅದೇ ಅಂಗಾಂಶಕ್ಕೆ ಆಲ್ಶಿಯನ್ ಬ್ಲೂ ಹಾಕಿದರೆ ಬಟ್ಟಲುಗಳೆಲ್ಲ ಗಾಢ ನೀಲಿಯಾಗುತ್ತವೆ, ಪಿಎಎಸ್ ಹಾಕಿದರೆ ಕಡುಗೆಂಪು ನೇರಳೆ. ಮೊದಲ ವರ್ಷದ ರೆಕಾರ್ಡ್ ಪುಸ್ತಕಗಳಲ್ಲಿ ಗುಲಾಬಿ ಮತ್ತು ನೇರಳೆ ಪೆನ್ಸಿಲುಗಳಿಂದ ಬಿಡಿಸುವ ಚಿತ್ರದಲ್ಲಿ ಗಾಬ್ಲೆಟ್ ಕೋಶವನ್ನು ಬಣ್ಣವಿಲ್ಲದೆ ಬಿಡುವ ರೂಢಿಗೆ ಈ ಬಣ್ಣ ಹತ್ತದ ಮ್ಯೂಸಿನ್ನೇ ಕಾರಣ.

ಸ್ಲೈಡ್ ಇನ್ನೊಂದು ದೊಡ್ಡ ವಿಷಯವನ್ನೂ ಬಚ್ಚಿಡುತ್ತದೆ. ಕೋಶದೊಳಗೆ ಒತ್ತಿ ತುಂಬಿದ್ದ ಮ್ಯೂಸಿನ್ ಹೊರಬಿದ್ದೊಡನೆ ನೀರು ಹೀರಿ ನೂರಾರು ಪಟ್ಟು ಹಿಗ್ಗಿ, ಇಡೀ ಒಳಗೋಡೆಯ ಮೇಲೆ ಲೋಳೆಯ ಹಾಸು ಹರಡುತ್ತದೆ. ಆದರೆ ಆಸ್ಪತ್ರೆಗಳಲ್ಲಿ ಅಂಗಾಂಶವನ್ನು ಹಾಕಿಡುವ ಫಾರ್ಮಲಿನ್ ನೀರಿನಲ್ಲಿ ಕಲಸಿದ್ದು. ಮುಂದೆ ಅಂಗಾಂಶವನ್ನು ಆಲ್ಕೋಹಾಲ್, ಝೈಲೀನ್, ಬಿಸಿ ಮೇಣಗಳಲ್ಲಿ ಒಂದಾದ ಮೇಲೊಂದು ಅದ್ದುತ್ತಾರೆ. ಈ ಪಯಣದಲ್ಲಿ ಲೋಳೆಯ ಹಾಸು ಕುಸಿದು, ಬಹುಪಾಲು ತೊಳೆದುಹೋಗುತ್ತದೆ. ಬಹುಕಾಲ ಹಿಸ್ಟಾಲಜಿ ಓದಿದವರಿಗೆ ಕರುಳಿನ ಮೇಲ್ಮೈ ಬೋಳಾಗಿ ಕಂಡದ್ದು ಹೀಗೆ. ಮನುಷ್ಯನ ದೊಡ್ಡ ಕರುಳಿನಲ್ಲಿ ಲಕ್ಷ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇವೆ. ಒಂದೇ ಒಂದು ಸಾಲು ಕೋಶಗಳ ಗೋಡೆಯನ್ನು ಅವು ಯಾಕೆ ಸದಾ ಕೆರಳಿಸುತ್ತಿಲ್ಲ ಎಂಬ ಪ್ರಶ್ನೆಗೆ ಬೋಳು ಸ್ಲೈಡಿನಲ್ಲಿ ಉತ್ತರವಿರಲಿಲ್ಲ.

2008ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಗುನ್ನಾರ್ ಹ್ಯಾನ್ಸನ್ ಅವರ ತಂಡ ಇಲಿಯ ಕರುಳನ್ನು ತೊಳೆಯದೆ, ಮಲದ ಸಮೇತ, ಕಾರ್ನಾಯ್ ದ್ರಾವಣದಲ್ಲಿ ಹಾಕಿ ನೋಡಿತು. ಕಾರ್ನಾಯ್ ಅಂದರೆ ಆಲ್ಕೋಹಾಲ್, ಕ್ಲೋರೋಫಾರ್ಮ್ ಮತ್ತು ಅಸಿಟಿಕ್ ಆಮ್ಲದ ಮಿಶ್ರಣ. ಅದರಲ್ಲಿ ನೀರಿಲ್ಲ, ಹಾಗಾಗಿ ಲೋಳೆ ಇದ್ದಲ್ಲೇ ಉಳಿಯಿತು. ಲೋಳೆಗೊಂದು ಬಣ್ಣ, ಬ್ಯಾಕ್ಟೀರಿಯಾಗಳಿಗೊಂದು ಬಣ್ಣ ಕೊಟ್ಟು ನೋಡಿದಾಗ ಕಂಡದ್ದು ಎರಡು ಪದರ. ಹೊರಗಿನದು ಸಡಿಲ, ಅದರ ತುಂಬ ಬ್ಯಾಕ್ಟೀರಿಯಾ. ಗೋಡೆಗೆ ಅಂಟಿಕೊಂಡ ಒಳಗಿನದು ಬಿಗಿ, ಅದರಲ್ಲಿ ಬ್ಯಾಕ್ಟೀರಿಯಾ ಇಲ್ಲವೆನ್ನುವಷ್ಟು ಕಡಿಮೆ. ಎರಡನ್ನೂ ಕಟ್ಟಿರುವುದು ಗಾಬ್ಲೆಟ್ ಕೋಶದ ಒಂದೇ ಮ್ಯೂಸಿನ್, ಹೆಸರು ಮ್ಯೂಕ್2. ಈ ಮ್ಯೂಸಿನ್ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಕರುಳಿನ ಉರಿಯೂತವೂ ಕೊನೆಗೆ ಕರುಳಿನ ಗೆಡ್ಡೆಗಳೂ ಬರುತ್ತವೆ ಎಂದು ಬೇರೆ ಪ್ರಯೋಗಗಳು ಅದಕ್ಕೂ ಮುಂಚೆ ತೋರಿಸಿದ್ದವು. ಮೈಕ್ರೋಸ್ಕೋಪಿನಲ್ಲಿ ಬಿಳಿಯ ಖಾಲಿ ಬಟ್ಟಲಾಗಿ ಕಾಣುವ ಕೋಶದ ಕಸುಬು ಇದು.

ಈಗ ಸ್ಲೈಡಿಗೆ ಮರಳಬಹುದು. ಕ್ರಿಪ್ಟ್ ಕೊಳವೆಯಾದ್ದರಿಂದ ಅದು ಕಾಣುವ ರೀತಿ ಚೂರಿ ಬಿದ್ದ ಕೋನವನ್ನು ಅವಲಂಬಿಸುತ್ತದೆ. ಉದ್ದಕ್ಕೆ ಕತ್ತರಿಸಿದರೆ ಕೊಳವೆ, ಅಡ್ಡಕ್ಕೆ ಕತ್ತರಿಸಿದರೆ ದುಂಡು. ಸಣ್ಣ ಕರುಳಿನ ವಿಲ್ಲಸ್ಸನ್ನು ಅಡ್ಡಕ್ಕೆ ಕತ್ತರಿಸಿದರೂ ದುಂಡೇ ಬರುವುದರಿಂದ ಹೊಸಬರು ಇಲ್ಲಿ ಮುಗ್ಗರಿಸುತ್ತಾರೆ. ಬಿಡಿಸಿಕೊಳ್ಳುವ ದಾರಿ ಇದು: ಕೋಶಗಳ ಸಾಲು ನಡುವಿನ ಪುಟ್ಟ ತೂತಿಗೆ ಮುಖಮಾಡಿದ್ದರೆ ಕ್ರಿಪ್ಟ್. ಕೋಶಗಳ ಸಾಲು ಹೊರಸುತ್ತಿನಲ್ಲಿದ್ದು, ನಡುವೆ ರಕ್ತನಾಳಗಳಿರುವ ತಿರುಳಿದ್ದರೆ ವಿಲ್ಲಸ್. ಓರೆಯಾಗಿ ಬಿದ್ದ ಕತ್ತರಿ ಇನ್ನೂ ತರಲೆ. ಒಂದೇ ಸಾಲಿನ ಕೋಶಗಳು ಎರಡು ಮೂರು ಸಾಲಾಗಿ ಕಂಡು, ಇಲ್ಲದ ಕಾಯಿಲೆಯನ್ನು ಇದೆ ಎನ್ನಿಸುತ್ತವೆ. ಅದಕ್ಕಾಗಿಯೇ ಬಯಾಪ್ಸಿ ತುಣುಕನ್ನು ಮೇಣದಲ್ಲಿ ಕೂರಿಸುವ ಟೆಕ್ನೀಷಿಯನ್ನಿನ ಕೈ ಪಳಗಿರಬೇಕು. ಅಲ್ಲಿ ಓರೆಯಾದದ್ದನ್ನು ವೈದ್ಯರು ಮೈಕ್ರೋಸ್ಕೋಪಿನಲ್ಲಿ ನೇರಮಾಡಲಾಗದು.

ಸರಿ, ಮೇಜಿನ ಮೇಲೆ ಎರಡು ಸ್ಲೈಡ್‌ಗಳಿವೆ ಎಂದುಕೊಳ್ಳೋಣ. ಗಾಜಿನ ಅಳತೆ 75 ಮಿಲಿಮೀಟರಿಗೆ 25 ಮಿಲಿಮೀಟರ್. ಆರೋಗ್ಯದ ಅಪೆಂಡಿಕ್ಸಿನ ಅಡ್ಡಳತೆ ಹೆಚ್ಚುಕಡಿಮೆ 6 ಮಿಲಿಮೀಟರ್. ಹಾಗಾಗಿ ಅದನ್ನು ಅಡ್ಡಕ್ಕೆ ಕತ್ತರಿಸಿದ ಇಡೀ ಉಂಗುರ ಗಾಜಿನ ಮೇಲೆ ಸಲೀಸಾಗಿ ಕೂರುತ್ತದೆ. ಬೆಳೆದವರ ದೊಡ್ಡ ಕರುಳು ಹಾಗೆ ಕೂರುವುದಿಲ್ಲ. ಅದರ ಗೋಡೆಯಿಂದ ಕತ್ತರಿಸಿದ ಒಂದು ಪಟ್ಟಿ ಮಾತ್ರ ಸಿಗುತ್ತದೆ. ಬರಿಗಣ್ಣಿಗೇ ಉಂಗುರವೆಂದರೆ ಅಪೆಂಡಿಕ್ಸ್, ಪಟ್ಟಿಯೆಂದರೆ ಕರುಳು ಎಂದು ಊಹಿಸಬಹುದು. ಊಹೆಯೇ ಹೊರತು ತೀರ್ಪಲ್ಲ: ಭ್ರೂಣದ ಕರುಳೂ ಉಂಗುರವಾಗಿ ಕೂರುತ್ತದೆ, ಅಪೆಂಡಿಕ್ಸಿನ ತುದಿಯನ್ನು ಉದ್ದಕ್ಕೆ ಸೀಳಿದರೆ ಪಟ್ಟಿಯೂ ಆಗುತ್ತದೆ.

ಚಿಕ್ಕ ಲೆನ್ಸ್ ಹಾಕಿದಾಗ ಎದ್ದು ಕಾಣುವುದು ಅಪೆಂಡಿಕ್ಸಿನ ಕಡುನೀಲಿ ಗುಂಪುಗಳು. ಇವು ಲಿಂಫೋಸೈಟ್ ಎಂಬ ರಕ್ಷಣಾಕೋಶಗಳು ಒತ್ತೊತ್ತಾಗಿ ಸೇರಿದ ಫಾಲಿಕಲ್‌ಗಳು. ಹಲವಕ್ಕೆ ನಡುವೆ ತಿಳಿಬಣ್ಣದ ಕೇಂದ್ರವಿರುತ್ತದೆ. ಟೊಳ್ಳಿನ ಸುತ್ತ ಇವು ಸಾಲುಗಟ್ಟಿ ನಿಂತು, ಕೆಳಗಿನ ಸಬ್‌ಮ್ಯೂಕೋಸಾಕ್ಕೂ ಚಾಚಿಕೊಂಡಿರುತ್ತವೆ. ಉಳಿದ ವ್ಯತ್ಯಾಸಗಳು ಈ ಗುಂಪುಗಳಿಂದಲೇ ಹುಟ್ಟುತ್ತವೆ. ಜಾಗವನ್ನೆಲ್ಲ ಫಾಲಿಕಲ್‌ಗಳು ಆಕ್ರಮಿಸಿದ್ದರಿಂದ ಕ್ರಿಪ್ಟ್‌ಗಳು ಕಡಿಮೆ, ಗಿಡ್ಡ, ಅಂತರ ಅಡ್ಡಾದಿಡ್ಡಿ. ಒಳಗೋಡೆಗೂ ಸಬ್‌ಮ್ಯೂಕೋಸಾಕ್ಕೂ ನಡುವಿನ ತೆಳು ಸ್ನಾಯುಪಟ್ಟಿಯನ್ನು ಫಾಲಿಕಲ್‌ಗಳು ಅಲ್ಲಲ್ಲಿ ಹರಿದುಹಾಕಿರುವುದರಿಂದ ಅದು ತುಂಡುತುಂಡಾಗಿ ಕಾಣುತ್ತದೆ. ಕರುಳಿನ ಸ್ಲೈಡಿನಲ್ಲಾದರೆ ಅದೇ ಪಟ್ಟಿ ಅಂಚಿನಿಂದ ಅಂಚಿಗೆ ಸರಾಗವಾಗಿ ಸಾಗುತ್ತದೆ. ದೊಡ್ಡ ಕರುಳಿನಲ್ಲೂ ಅಲ್ಲೊಂದು ಇಲ್ಲೊಂದು ಫಾಲಿಕಲ್ ಇರುವುದುಂಟು. ಅದೊಂದನ್ನೇ ಕಂಡು ಅಪೆಂಡಿಕ್ಸ್ ಎಂದು ಬರೆಯುವುದು ಸ್ಪಾಟರಿನಲ್ಲಿ ಮಾಮೂಲಿ ಎಡವಟ್ಟು.

ಮೂರನೆಯ ಸುಳಿವು ಹೊರಗಿನ ದಪ್ಪ ಸ್ನಾಯುವಿನಲ್ಲಿದೆ. ಕರುಳಿನ ಗೋಡೆಗೆ ಒಳಗೊಂದು ಸುತ್ತುವ ಸ್ನಾಯು, ಹೊರಗೊಂದು ಉದ್ದುದ್ದ ಸ್ನಾಯು. ದೊಡ್ಡ ಕರುಳಿನಲ್ಲಿ ಈ ಉದ್ದನೆಯದು ಸುತ್ತಲೂ ಒಂದೇ ದಪ್ಪವಾಗಿಲ್ಲ. ಮೂರು ಪಟ್ಟಿಗಳಾಗಿ ಒಟ್ಟುಗೂಡಿದೆ, ಮಧ್ಯದ ಜಾಗಗಳಲ್ಲಿ ತೀರಾ ತೆಳು. ಟೀನಿಯಾ ಎಂದು ಕರೆಯುವ ಈ ಮೂರೂ ಪಟ್ಟಿಗಳು ಸೀಕಮ್‌ನ ಮೇಲೆ ಇಳಿದು ಅಪೆಂಡಿಕ್ಸಿನ ಬುಡದಲ್ಲಿ ಸೇರುತ್ತವೆ, ಅಲ್ಲಿಂದ ಹರಡಿಕೊಂಡು ಅಪೆಂಡಿಕ್ಸಿನ ಸುತ್ತ ಇಡಿಯಾದ ಪದರವಾಗುತ್ತವೆ. ಉಂಗುರದ ಸ್ಲೈಡಿನಲ್ಲಿ ಹೊರಸ್ನಾಯು ಸುತ್ತಲೂ ಸಮನಾಗಿ ಕಾಣುವುದು ಇದರಿಂದ. ಆಪರೇಷನ್ ಮಾಡುವ ಸರ್ಜನ್‌ಗಳಿಗೂ ಇದೇ ದಾರಿದೀಪ. ಅಪೆಂಡಿಕ್ಸ್ ಎಲ್ಲೋ ಹಿಂದೆ ಮಡಚಿಕೊಂಡು ಕಾಣದಿದ್ದರೆ, ಕರುಳಿನ ಮೇಲಿನ ಟೀನಿಯಾ ಹಿಡಿದು ಕೆಳಗೆ ಹೋಗುತ್ತಾರೆ. ಅದು ಅಪೆಂಡಿಕ್ಸಿನ ಬುಡಕ್ಕೇ ಮುಟ್ಟಿಸುತ್ತದೆ.

ಇಷ್ಟನ್ನೂ ಪಾಠ ಮಾಡಿಕೊಂಡವರನ್ನು ವಯಸ್ಸು ಯಾಮಾರಿಸುತ್ತದೆ. ನವಜಾತ ಶಿಶುವಿನ ಅಪೆಂಡಿಕ್ಸಿನಲ್ಲಿ ಫಾಲಿಕಲ್‌ಗಳು ಇರುವುದೇ ಇಲ್ಲವೆನ್ನಬಹುದು. ಹುಟ್ಟಿ ಎರಡು ವಾರದ ಹೊತ್ತಿಗೆ ಕಾಣಿಸಿಕೊಂಡು, ಹದಿಹರೆಯದಲ್ಲಿ ಮೈತುಂಬಿ, ಮೂವತ್ತರ ನಂತರ ಇಳಿಮುಖವಾಗುತ್ತವೆ. ಅರವತ್ತು ದಾಟಿದವರಲ್ಲಿ ಅವು ಹೆಸರಿಗಷ್ಟೇ. ಎಷ್ಟೋ ಹಿರಿಯರ ಅಪೆಂಡಿಕ್ಸಿನ ತುದಿಯಲ್ಲಿ ಟೊಳ್ಳೇ ಮುಚ್ಚಿಹೋಗಿ, ಕ್ರಿಪ್ಟೂ ಇಲ್ಲ, ಗಾಬ್ಲೆಟ್ ಕೋಶವೂ ಇಲ್ಲ; ನಾರು, ಕೊಬ್ಬು ಮತ್ತು ನರದ ಎಳೆಗಳು ನಡುವನ್ನು ತುಂಬಿರುತ್ತವೆ. ಪಠ್ಯಪುಸ್ತಕದ ಚಿತ್ರದಲ್ಲಿರುವ ನೀಲಿ ಉಂಗುರ ಹರೆಯದವರದು. ವಯಸ್ಸು ಕೇಳದೆ ಅಪೆಂಡಿಕ್ಸಿನ ಸ್ಲೈಡ್ ಓದಬಾರದು.

ಇನ್ನೊಂದು ಸೂಕ್ಷ್ಮ ಸುಳಿವು ಪ್ಯಾನೆತ್ ಕೋಶ. ಕ್ರಿಪ್ಟಿನ ತಳದಲ್ಲಿ ಕೆಂಪು ಕಾಳುಗಳಿಂದ ತುಂಬಿದ ಈ ಕೋಶಗಳು ಬ್ಯಾಕ್ಟೀರಿಯಾ ಕೊಲ್ಲುವ ವಸ್ತುಗಳನ್ನು ಸ್ರವಿಸುತ್ತವೆ. ಸಣ್ಣ ಕರುಳು, ಅಪೆಂಡಿಕ್ಸ್, ಸೀಕಮ್ ಮತ್ತು ಬಲಬದಿಯ ದೊಡ್ಡ ಕರುಳಿನಲ್ಲಿ ಇವು ಇದ್ದರೆ ತಕರಾರಿಲ್ಲ. ಎಡಬದಿಯ ಕರುಳಿನಲ್ಲಿ ಕಂಡರೆ ಮಾತ್ರ ಪೆಥಾಲಜಿಸ್ಟ್ ಹುಬ್ಬೇರಿಸುತ್ತಾರೆ. ಬಹುಕಾಲ ಉರಿಯೂತ ಉಂಡ ಕರುಳು ಅಲ್ಲಿರಬಾರದ ಕೋಶವನ್ನು ಬೆಳೆಸಿಕೊಂಡಿದೆ ಎಂಬ ಗುಮಾನಿ. ಅಂಥ ಕರುಳಿನಲ್ಲಿ, ಉದಾಹರಣೆಗೆ ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ, ಕ್ರಿಪ್ಟ್‌ಗಳು ಕವಲೊಡೆದು, ಗಿಡ್ಡವಾಗಿ, ತಳ ಮೇಲೆದ್ದುಬಿಟ್ಟಿರುತ್ತದೆ. ಗಾಬ್ಲೆಟ್ ಕೋಶಗಳ ಬಟ್ಟಲುಗಳು ಬತ್ತಿರುತ್ತವೆ. ಇದೇ ಅಡ್ಡಾದಿಡ್ಡಿತನ ಅಪೆಂಡಿಕ್ಸಿನಲ್ಲಿ ಕಂಡರೆ ರೋಗವಲ್ಲ, ಅದರ ಹುಟ್ಟುಗುಣ. ಎರಡನ್ನೂ ಬೇರ್ಪಡಿಸುವ ಅಗತ್ಯ ಪರೀಕ್ಷೆಯ ಅಂಕಕ್ಕೆ ಮಾತ್ರ ಸೀಮಿತವಲ್ಲ ಎಂಬುದು ಇಲ್ಲಿ ಅರ್ಥವಾಗುತ್ತದೆ.

ಮಧ್ಯೆ ಒಂದು ಮಾತು, ಸೋನಾಮುಖಿ ಎಲೆಯ ಬಗ್ಗೆ. ಮಲಬದ್ಧತೆಗೆಂದು ಅದನ್ನು ತಿಂಗಳುಗಟ್ಟಲೆ ತೆಗೆದುಕೊಂಡವರ ದೊಡ್ಡ ಕರುಳಿನ ಸ್ಲೈಡಿನಲ್ಲಿ ಕ್ರಿಪ್ಟ್‌ಗಳ ನಡುವೆ ಕಂದು ಕಾಳು ತುಂಬಿದ ಕೋಶಗಳು ಕಾಣುತ್ತವೆ. ಎಲೆಯಲ್ಲಿರುವ ರಾಸಾಯನಿಕದಿಂದ ಸತ್ತ ಮೇಲ್ಮೈ ಕೋಶಗಳನ್ನು ಮ್ಯಾಕ್ರೋಫೇಜ್‌ಗಳು ನುಂಗಿದ ಗುರುತು ಅದು. ನೋಡಲು ಗಾಬರಿ ಹುಟ್ಟಿಸುತ್ತದೆ. ಆ ಅಭ್ಯಾಸ ಬಿಟ್ಟರೆ ನಿಧಾನವಾಗಿ ಮಾಯವಾಗುತ್ತದೆ.

ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ಅಪೆಂಡಿಕ್ಸ್ ಬರುವುದು ಬಹುತೇಕ ಒಂದೇ ಕಾರಣಕ್ಕೆ. ಬಲ ಕಿಬ್ಬೊಟ್ಟೆಯಲ್ಲಿ ನೋವು, ಜ್ವರ, ಆಪರೇಷನ್, ಫಾರ್ಮಲಿನ್ ಡಬ್ಬಿ. ಹೀಗೆ ಬಂದ ಏಳೆಂಟು ಸೆಂಟಿಮೀಟರ್ ಉದ್ದದ ಒಂದು ಅಪೆಂಡಿಕ್ಸನ್ನು ಹಿಂಬಾಲಿಸಿ ನೋಡೋಣ. ಮೊದಲು ಹೊರಮೈ ನೋಡುತ್ತಾರೆ: ಹೊಳಪಿದೆಯೇ, ಮಂಕಾಗಿ ಕೀವು ಅಂಟಿದೆಯೇ, ತೂತಾಗಿದೆಯೇ. ಬುಡದಲ್ಲಿ ಸರ್ಜನ್ ಕತ್ತರಿಸಿದ ಅಂಚಿನಿಂದ ಒಂದು ತೆಳು ಚೂರು, ನಡುವಿನಿಂದ ಅಡ್ಡಕ್ಕೆ ಕತ್ತರಿಸಿದ ಉಂಗುರಗಳು, ತುದಿಯನ್ನು ಮಾತ್ರ ಉದ್ದಕ್ಕೆ ಸೀಳಿ ಎರಡು ಹೋಳು. ತುದಿಗೆ ಈ ವಿಶೇಷ ಮರ್ಯಾದೆ ಯಾಕೆಂದರೆ, ಅಪೆಂಡಿಕ್ಸಿನ ನ್ಯೂರೋಎಂಡೊಕ್ರೈನ್ ಗೆಡ್ಡೆಗಳು ಹೆಚ್ಚಾಗಿ ಅಡಗುವುದು ಅಲ್ಲೇ. ಕಡಲೆಕಾಳಿಗಿಂತ ಚಿಕ್ಕದಾದ ಗಂಟು ಅಡ್ಡ ಉಂಗುರಗಳ ನಡುವೆ ತಪ್ಪಿಹೋಗಬಹುದು.

ಉಂಗುರವನ್ನು ಮೈಕ್ರೋಸ್ಕೋಪಿನಲ್ಲಿಟ್ಟಾಗ ಹುಡುಕುವುದು ನ್ಯೂಟ್ರೋಫಿಲ್ ಎಂಬ ಬಿಳಿಯ ರಕ್ತಕಣಗಳನ್ನು. ಟೊಳ್ಳಿನಲ್ಲೋ ಮೇಲ್ಮೈಯಲ್ಲೋ ಕೆಲವು ಕಂಡ ಮಾತ್ರಕ್ಕೆ ಅಪೆಂಡಿಸೈಟಿಸ್ ಎಂದು ಬರೆಯುವುದಿಲ್ಲ. ಅವು ದಪ್ಪ ಸ್ನಾಯುಪದರದೊಳಗೆ ನುಗ್ಗಿರಬೇಕು. ಆಗಲೇ ಉರಿಯೂತ ಗೋಡೆ ದಾಟಿದೆ ಎಂದು ಖಾತ್ರಿ. ಕೆಲವು ಸಲ ಒಳಗೆಲ್ಲ ಸರಿಯಿದ್ದು ಹೊರಪೊರೆ ಮಾತ್ರ ಉರಿದಿರುತ್ತದೆ. ಆಗ ಕಿಡಿ ಬೇರೆಲ್ಲೋ ಇದೆ, ಹೆಂಗಸರಲ್ಲಾದರೆ ಅಂಡನಾಳದ ಸೋಂಕೂ ಆಗಿರಬಹುದು, ಎಂದು ವರದಿಯಲ್ಲಿ ಸೂಚಿಸುತ್ತಾರೆ. ಮಕ್ಕಳ ಅಪೆಂಡಿಕ್ಸಿನ ಟೊಳ್ಳಿನಲ್ಲಿ ಆಗಾಗ ಪಿನ್‌ವರ್ಮ್ ಹುಳು ಅಡ್ಡಕ್ಕೆ ಕತ್ತರಿಸಿಕೊಂಡು ಕೂತಿರುತ್ತದೆ. ದೇಹದ ಇಕ್ಕೆಲದಲ್ಲೂ ಒಂದೊಂದು ಮೊನಚು ಏಣಿರುವುದರಿಂದ ಗುರುತು ಹಿಡಿಯುವುದು ಕಷ್ಟವಲ್ಲ.

ಇಷ್ಟರಲ್ಲೇ ಮುಗಿಸಿ ಏಳುವ ಆತುರದಲ್ಲಿ ಒಂದು ಅಪರೂಪದ ಸಂಗತಿ ಕಣ್ತಪ್ಪುವುದುಂಟು. ಗಾಬ್ಲೆಟ್ ಕೋಶ ಇರಬೇಕಾದದ್ದು ಒಳಗೋಡೆಯಲ್ಲಿ. ಅದೇ ಬಿಳಿಚಿದ ಬಟ್ಟಲುಗಳು ನಾಲ್ಕಾರು ಸೇರಿ, ಪುಟ್ಟ ಕ್ರಿಪ್ಟಿನ ಸೋಗು ಹಾಕಿಕೊಂಡು, ಸ್ನಾಯುವಿನ ಎಳೆಗಳ ನಡುವೆ ಕೂತಿದ್ದರೆ ಅದು ಕ್ಯಾನ್ಸರ್. 1974ರಲ್ಲಿ ಎಸ್.ಜಿ. ಸುಬ್ಬುಸ್ವಾಮಿ ಮತ್ತು ಸಂಗಡಿಗರು 'ಕ್ಯಾನ್ಸರ್' ಪತ್ರಿಕೆಯಲ್ಲಿ ಇದನ್ನು ಗಾಬ್ಲೆಟ್ ಸೆಲ್ ಕಾರ್ಸಿನಾಯ್ಡ್ ಎಂದು ವರ್ಣಿಸಿದರು. ನ್ಯೂರೋಎಂಡೊಕ್ರೈನ್ ಗೆಡ್ಡೆಗಳಿಗಿಂತ ಇದರ ನಡವಳಿಕೆ ಕೆಟ್ಟದ್ದೆಂದು ತಿಳಿದ ಮೇಲೆ, 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಇದನ್ನು ಗಾಬ್ಲೆಟ್ ಸೆಲ್ ಅಡಿನೋಕಾರ್ಸಿನೋಮಾ ಎಂದು ಕರೆಯಿತು. ಇದು ಕಾಣಸಿಗುವುದು ಹೆಚ್ಚುಕಡಿಮೆ ಅಪೆಂಡಿಕ್ಸಿನಲ್ಲಿ ಮಾತ್ರ. ಗಂಟು ಕಟ್ಟದೆ ಗೋಡೆಯುದ್ದಕ್ಕೂ ನುಸುಳುವುದರಿಂದ ಸರ್ಜನ್ನಿನ ಕೈಗೆ ಸಿಗದು, ಸ್ಕ್ಯಾನಿನಲ್ಲೂ ಹಲವು ಸಲ ಕಾಣದು. ರೋಗಿ ಬಂದಿರುವುದೂ ಸಾಮಾನ್ಯ ಅಪೆಂಡಿಸೈಟಿಸ್ ಎಂದೇ. ಕೀವಿನ ನಡುವೆ ಈ ಗುಂಪುಗಳು ಮಸುಕಾಗಿ ಕಂಡಾಗ ಆಲ್ಶಿಯನ್ ಬ್ಲೂ ಅಥವಾ ಪಿಎಎಸ್ ಹಾಕಿದರೆ ಸ್ನಾಯುವಿನ ಮಧ್ಯೆ ಲೋಳೆಯ ಚುಕ್ಕೆಗಳು ಬಣ್ಣ ತಳೆದು ಎದ್ದು ತೋರುತ್ತವೆ. ಆಮೇಲೆ ಅಪೆಂಡಿಕ್ಸಿನ ಉಳಿದ ಭಾಗವನ್ನೆಲ್ಲ ಕತ್ತರಿಸಿ ಸ್ಲೈಡ್ ಮಾಡಬೇಕು, ಬುಡದ ಅಂಚಿನಲ್ಲಿ ಆ ಕೋಶಗಳಿವೆಯೇ ನೋಡಬೇಕು. ವರದಿ ಕೈಸೇರಿದ ಬಳಿಕ, ಹೊಲಿಗೆ ಬಿಚ್ಚಿ ಮನೆಗೆ ಹೋಗಿದ್ದ ರೋಗಿಯನ್ನು ಮತ್ತೆ ಕರೆಸಿ, ಬಲಬದಿಯ ದೊಡ್ಡ ಕರುಳನ್ನು ಲಿಂಫ್ ಗ್ರಂಥಿಗಳ ಸಮೇತ ತೆಗೆಯುವ ಎರಡನೆಯ ಆಪರೇಷನ್ನಿನ ಮಾತು ಸಾಮಾನ್ಯವಾಗಿ ಶುರುವಾಗುತ್ತದೆ.